ಸೋರುವ ಶಾಲೆ ಯಾವ ಪಂಚಾಯತಿಗೆ ಸೇರಿದ್ದು? ನಮ್ಮನೆ ಗುಂಪಿನ ಜಗಳ

ಕಿರಣ: [ಫೋಟೊ: ತರಗತಿ ನಡುವೆ ಬಕೆಟ್, ಮಕ್ಕಳು ಗೋಡೆಗಂಟಿ ಕೂತಿದ್ದಾರೆ]
*ಫಾರ್ವರ್ಡ್:* "ಪಂಚಾಯತಿಗೆ ಲಕ್ಷಗಟ್ಟಲೆ ಬರುತ್ತೆ, ಶಾಲೆ ಸೋರುತ್ತೆ. ಪಿಡಿಒ ಎಲ್ಲಿ? ಎಲ್ಲರಿಗೂ ಕಳಿಸಿ."

ಚಿಕ್ಕಪ್ಪ: ಮೊದಲು ಪಿಡಿಒನೇ ಹಿಡ್ಕೊಳ್ಳೋದು! ನಾನೂ ಒಂದು ಅವಧಿ ಮೆಂಬರ್ ಆಗಿದ್ದವನು. ಶಾಲೆ ಕಟ್ಟಡ ಗ್ರಾಮ ಪಂಚಾಯತಿ ಲೆಕ್ಕಕ್ಕೆ ಬರಲ್ಲ ಮಗಾ.

ಕಿರಣ: ಊರೊಳಗಿನ ಶಾಲೆ ಊರ ಪಂಚಾಯತಿದಲ್ಲ ಅಂದ್ರೆ ಇನ್ಯಾರದು ಚಿಕ್ಕಪ್ಪ? ಜಾರಿಕೊಳ್ಳೋದಕ್ಕೂ ಒಂದು ಮಿತಿ ಬೇಕು.

ಸುಮತ್ತೆ: ಅವನು ಜಾರಿಕೊಳ್ತಿಲ್ಲ ಕಣೋ. ತಾಲ್ಲೂಕು ಪಂಚಾಯತಿ ಲೆಕ್ಕ ವಿಭಾಗದಲ್ಲಿ ಕೂತು ನನ್ನ ಅರ್ಧ ಆಯಸ್ಸು ಹೋಯ್ತು, ಕೇಳು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಗ್ರಾಮ, ತಾಲ್ಲೂಕು, ಜಿಲ್ಲೆ ಅಂತ ಮೂರು ಹಂತಕ್ಕೂ ಬೇರೆ ಬೇರೆ ಕೆಲಸದ ಪಟ್ಟಿ ಇದೆ. ಶಿಕ್ಷಣದಲ್ಲಿ ಗ್ರಾಮ ಪಂಚಾಯತಿಗಿರೋದು ಮಕ್ಕಳು ಶಾಲೆಗೆ ಸೇರೋ ಹಾಗೆ, ದಿನಾ ಬರೋ ಹಾಗೆ ನೋಡ್ಕೊಳ್ಳೋದು. ಪ್ರಾಥಮಿಕ ಶಾಲೆ ಕಟ್ಟೋದು, ರಿಪೇರಿ ಮಾಡಿಸೋದು ತಾಲ್ಲೂಕು ಪಂಚಾಯತಿ ಪಟ್ಟಿಯಲ್ಲಿದೆ.

ಕಿರಣ: ಸರಿ ಅತ್ತೆ, ಹಾಗಾದ್ರೆ ತಾಲ್ಲೂಕು ಪಂಚಾಯತಿ ಮಾಡಿಸಲಿ. ಅವರ ಬಜೆಟ್ ಕೋಟಿಗಟ್ಟಲೆ ಇರುತ್ತಲ್ಲ?

ಸುಮತ್ತೆ: ಕಾಣೋಕೆ ಕೋಟಿನೇ. ಅದರಲ್ಲಿ ಬಹುಪಾಲು ಮೇಷ್ಟ್ರುಗಳ ಸಂಬಳ. ರಾಜ್ಯ ಬಜೆಟ್ ಜೊತೆ ಲಿಂಕ್ ಡಾಕ್ಯುಮೆಂಟ್ ಅಂತ ಬರುತ್ತೆ, ಯಾವ ಶೀರ್ಷಿಕೆಗೆ ಎಷ್ಟು ಅನ್ನೋದು ಅದರಲ್ಲೇ ಅಚ್ಚಾಗಿರುತ್ತೆ. ಸಂಬಳದ ಹಣ ತೆಗೆದು ಹೆಂಚಿಗೆ ಹಾಕೋ ಹಾಗಿಲ್ಲ. ಇನ್ನೊಂದು ತಮಾಷೆ ಅಂದ್ರೆ ಸಂಬಳ ನಮ್ಮ ಲೆಕ್ಕದಲ್ಲಿ, ಮೇಷ್ಟ್ರು ವರ್ಗಾವಣೆ ಶಿಕ್ಷಣ ಇಲಾಖೆ ಕೈಯಲ್ಲಿ. ನಾವು ಬರೀ ಕೊಳವೆ.

ಚಿಕ್ಕಪ್ಪ: ಮೇಲಿಂದ ಸುರೀತಾರೆ, ಕೆಳಗೆ ಹೋಗುತ್ತೆ 😄

ಕಿರಣ: ಕೇಂದ್ರದ ಹಣಕಾಸು ಆಯೋಗದ ದುಡ್ಡು ನೇರ ಗ್ರಾಮ ಪಂಚಾಯತಿಗೇ ಬರುತ್ತೆ ಅಂತಾರಲ್ಲ, ಅದೆಲ್ಲಿ ಹೋಯ್ತು?

ಚಿಕ್ಕಪ್ಪ: ಬಂತು. 14ನೇ ಆಯೋಗದಲ್ಲಿ ಪಂಚಾಯತಿ ಪಾಲು ಪೂರ್ತಿ ನಮಗೇ. 15ನೇಯದು ಮೂರೂ ಹಂತಕ್ಕೆ ಹಂಚಿತು, ಆದ್ರೂ ಕನಿಷ್ಠ ಶೇ 70 ಗ್ರಾಮ ಪಂಚಾಯತಿಗೇ ಇರಬೇಕು ಅಂತ ಇಟ್ಟಿತು. ಆದರೆ 2021–26ರ ಹಣದಲ್ಲಿ ನೂರು ರೂಪಾಯಿ ಬಂದ್ರೆ 60 ಕುಡಿಯೋ ನೀರಿಗೂ ನೈರ್ಮಲ್ಯಕ್ಕೂ ಕಟ್ಟಿಹಾಕಿದ್ದು. ಉಳಿದ 40ರಲ್ಲೇ ಊರಿನ ಮಿಕ್ಕ ಬೇಡಿಕೆ ಎಲ್ಲ. ಸಂಬಳಕ್ಕಂತೂ ಅದನ್ನ ಮುಟ್ಟೋ ಹಾಗಿಲ್ಲ.

ಕಿರಣ: ಆ 40ರಲ್ಲಿ ಶಾಲೆ ಚಾವಣಿ ಸರಿಮಾಡಿಸಬಹುದಲ್ಲ? ಸಂವಿಧಾನದಲ್ಲಿ ಪಂಚಾಯತಿಗೆ ಅಂತ ಇರೋ 29 ವಿಷಯದಲ್ಲಿ ಶಿಕ್ಷಣವೂ ಇದೆ, ನಾನೂ ಓದಿದ್ದೀನಿ.

ಸುಮತ್ತೆ: ಇದು ಸರಿಯಾದ ಪ್ರಶ್ನೆ. ಮಾಡಿಸಬಹುದು. ಆದರೆ ಕೆಲಸ ಗ್ರಾಮಸಭೆಯಲ್ಲಿ ಬಂದು, ಆ ವರ್ಷದ ಅಭಿವೃದ್ಧಿ ಯೋಜನೆಯಲ್ಲಿ ಸೇರಬೇಕು. ಆಮೇಲೆ ಎಂಜಿನಿಯರ್ ಬಂದು ಅಂದಾಜು ಪಟ್ಟಿ ಮಾಡಬೇಕು. ಆ ಎಂಜಿನಿಯರ್ ಪಿಡಿಒ ಕೈಕೆಳಗಿಲ್ಲ. ಅವರ ಉಪವಿಭಾಗ ತಾಲ್ಲೂಕಲ್ಲಿ, ಮೇಲಿನ ಎಕ್ಸಿಕ್ಯೂಟಿವ್ ಎಂಜಿನಿಯರ್ ಜಿಲ್ಲೆಯಲ್ಲಿ. ಹೊಣೆ ಮಧ್ಯದ ಹಂತದ್ದು, ಕೈಗೆ ಸಿಗೋ ದುಡ್ಡು ಕೆಳಗೆ, ಸಹಿ ಹಾಕೋ ಎಂಜಿನಿಯರ್‌ಗೆ ಸಾಹೇಬರು ಮೇಲೆ. ಶಾಲೆ ಸೋರೋದು ಈ ಸಂದಿಯಲ್ಲಿ.

ಕಿರಣ: ಅದಕ್ಕೇ ಹೇಳೋದು, ತಾಲ್ಲೂಕು ಪಂಚಾಯತಿನೇ ತೆಗೆದುಹಾಕಿ.

ಸುಮತ್ತೆ: ರಾಜ್ಯದ ಕೈಯಲ್ಲಿಲ್ಲ ಅದು. ಸಂವಿಧಾನದ 243ಬಿ ಪ್ರಕಾರ 20 ಲಕ್ಷ ಮೀರದ ಜನಸಂಖ್ಯೆಯ ರಾಜ್ಯಕ್ಕೆ ಮಾತ್ರ ಮಧ್ಯದ ಹಂತ ಬಿಡೋ ಅವಕಾಶ. ನಮ್ಮಲ್ಲಿ ಕೆಲವು ಜಿಲ್ಲೆಯಲ್ಲೇ ಅಷ್ಟು ಜನ ಇದ್ದಾರೆ.

ದೊಡ್ಡಪ್ಪ: 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಅಂತ ಚುನಾಯಿತ ಹಂತ ಎರಡೇ ಇದ್ದವು. ನಜೀರ್ ಸಾಬ್ ಪಂಚಾಯತ್ ರಾಜ್ ಮಂತ್ರಿ ಆಗಿದ್ದ ಕಾಲ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಡಿಸಿಗಿಂತ ಸೀನಿಯರ್ ಇರ್ತಿದ್ರು. ಅಧಿಕಾರಿಗಳು ಪರಿಷತ್ತಿನ ಮಾತಿಗೆ ಬೆಲೆ ಕೊಡ್ತಿದ್ರು.

ಚಿಕ್ಕಪ್ಪ: ಈಗ ಮಾತಾಡೋಕೆ ಮೆಂಬರ್ ಇರಬೇಕಲ್ಲ ಅಣ್ಣ. 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗೀತು, ಆಮೇಲೆ ವರ್ಷಗಟ್ಟಲೆ ತಾಲ್ಲೂಕು, ಜಿಲ್ಲಾ ಪಂಚಾಯತಿಗೆ ಚುನಾವಣೆಯೇ ಆಗಲಿಲ್ಲ. ಆಡಳಿತಾಧಿಕಾರಿ ಕೂತಿದ್ದಾಗ ಶಾಲೆ ಸೋರುತ್ತೆ ಅಂತ ಸಭೆಯಲ್ಲಿ ಯಾರು ಎದ್ದು ನಿಲ್ಲಬೇಕು?

ಸುಮತ್ತೆ: ಚುನಾಯಿತ ಸಭೆ ಇಲ್ಲದ ಹಂತಕ್ಕೆ ಆಯೋಗದ ಹಣವಿಲ್ಲ ಅನ್ನೋ ಷರತ್ತೂ ಇತ್ತು. ಕಟ್ಟಡದ ಹೊಣೆ ಇದ್ದ ಹಂತಕ್ಕೇ ಆ ಬಾಗಿಲೂ ಮುಚ್ಚಿತು.

ಕಿರಣ: ಅಂದ್ರೆ ಈ ಫಾರ್ವರ್ಡ್ ಸುಳ್ಳು?

ಸುಮತ್ತೆ: ಫೋಟೊ ನಿಜ, ವಿಳಾಸ ತಪ್ಪು. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿ ಅಧ್ಯಕ್ಷರ ಸಹಿ ಹಾಕಿಸಿ ಒಂದು ಅರ್ಜಿ ತಾಲ್ಲೂಕು ಪಂಚಾಯತಿ ಇಒಗೆ, ಪ್ರತಿ ಬಿಇಒಗೆ. ಹಿಂಬರಹ ತಗೊಳ್ಳದೆ ಬರಬೇಡಿ. ಗ್ರಾಮಸಭೆ ನಡಾವಳಿ ಪುಸ್ತಕದಲ್ಲೂ ಬರೆಸಿ.

ಚಿಕ್ಕಪ್ಪ: ಅರ್ಜಿ ನಾನು ಬರೀತೀನಿ. ಕಿರಣ, ಆ ಫಾರ್ವರ್ಡ್ ಬೇರೆ ಗುಂಪಿಗೂ ಹಾಕಿದ್ದೀಯಾ?

ಕಿರಣ: ಊರಿನ ಗುಂಪಿಗೆ... ಪಿಡಿಒ ಕೂಡ ಅಲ್ಲಿದ್ದಾರೆ 🙈