ಪದಚರ್ಚೆ: ಅಂಕದ ಪಟ್ಟಿಯ ಕೆಳಗೆ ಬರೀ ‘ರ‍್ಯಾಂಕ್’ ಅಂತ ಬರೆದರೆ ಏನರ್ಥ?

ಕೇಳಿದವರು: ಕನ್ನಡ ಶಿಕ್ಷಕರು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ತರಗತಿಯ ಕ್ಲಾಸ್ ಟೀಚರ್. ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳ ಎಕ್ಸೆಲ್ ಫೈಲನ್ನು ನಮ್ಮ ಮುಖ್ಯಗುರುಗಳು ವಾಟ್ಸಾಪಿನಲ್ಲಿ ಕಳಿಸಿದ್ದಾರೆ. ಜೊತೆಗೆ ಒಂದೇ ಪದ: ‘ರ‍್ಯಾಂಕ್’. ಸಂಜೆಯೊಳಗೆ ಬೇಕಂತೆ.

ಅಂಕದ ಪ್ರಕಾರ ಸಾಲುಗಳನ್ನು ಮೇಲೆ ಕೆಳಗೆ ಮಾಡಿ ಕೊಡಬೇಕಾ? ರೋಲ್ ನಂಬರ್ ಹಾಗೇ ಇಟ್ಟು ಪಕ್ಕದಲ್ಲಿ 1, 2, 3 ಬರೆಯಬೇಕಾ? ಅಥವಾ ಎ, ಬಿ ಅಂತ ಶ್ರೇಣಿ ಕೊಡಬೇಕಾ? ನಮ್ಮಲ್ಲಿ ಪಾಲಕರು ಮೂರಕ್ಕೂ ಅದೇ ಪದ ಬಳಸುತ್ತಾರೆ. ಆರು ಸಾಲು ಇಲ್ಲಿ ಹಾಕಿದ್ದೇನೆ. ಬರಹದ ಪರೀಕ್ಷೆಯ ಅಂಕ ಮಾತ್ರ: ಪ್ರಥಮ ಭಾಷೆ 100ಕ್ಕೆ, ಉಳಿದ ಐದು ವಿಷಯ ತಲಾ 80ಕ್ಕೆ, ಒಟ್ಟು 500.

| ರೋಲ್ ನಂಬರ್ | ಪ್ರಥಮ ಭಾಷೆ | ಉಳಿದ ಐದು | ಒಟ್ಟು |
|---|---|---|---|
| 2 | 90 | 331 | 421 |
| 4 | 96 | 310 | 406 |
| 7 | 92 | 268 (ವಿಜ್ಞಾನ AB) | 360 |
| 9 | 81 | 290 | 371 |
| 11 | 78 | 328 | 406 |
| 15 | 88 | 310 | 398 |

ಕಂಪ್ಯೂಟರ್ ಸೆಂಟರ್ ನಡೆಸುವವರು, ಯಾದಗಿರಿ

ಸರ್, ಇದಕ್ಕೆ ಚರ್ಚೆ ಯಾಕ್ರೀ? ಎಕ್ಸೆಲ್‌ನಲ್ಲೇ ಆ ಹೆಸರಿನ ಫಾರ್ಮುಲಾ ಇದೆ. ಒಟ್ಟು E ಕಾಲಮ್‌ನಲ್ಲಿದ್ದರೆ ಹೀಗೆ ಹಾಕಿ ಕೆಳಗೆ ಎಳೆಯಿರಿ:

```
=RANK(E2,E$2:E$7)
```

ಸಮ ಅಂಕ ಬಂದರೆ ಅದೇ ನೋಡಿಕೊಳ್ಳುತ್ತದೆ. AB ಇದ್ದರೂ ಚಿಂತೆಯಿಲ್ಲ, ಅಕ್ಷರ ಇರುವ ಸೆಲ್ಲನ್ನು ಎಕ್ಸೆಲ್ ಬಿಟ್ಟುಬಿಡುತ್ತದೆ. ಎರಡು ನಿಮಿಷದ ಕೆಲಸ.

ಪಾಲಕರು, ಬೀದರ್

ನನ್ನ ಮಗಳ ಸಿಇಟಿ ರ‍್ಯಾಂಕ್ ವಿಷಯದಲ್ಲೂ ಇದೇ ಗೊಂದಲ ಆಗಿತ್ತು. ಅವಳ ಗೆಳತಿಗೆ ಸಿಇಟಿಯಲ್ಲಿ ಕಡಿಮೆ ಅಂಕ, ಆದರೆ ರ‍್ಯಾಂಕ್ ಮೇಲೆ! ಆಮೇಲೆ ಗೊತ್ತಾಯಿತು, ಎಂಜಿನಿಯರಿಂಗ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಅಂತ. ನಿಮ್ಮ ಶಾಲೆಯಲ್ಲೂ ಹಾಗೇ ಏನಾದರೂ ಸೇರಿಸುತ್ತಾರಾ? ಮತ್ತೆ ಸೀಟಿಗೆ ಯಾವ ರ‍್ಯಾಂಕ್‌ವರೆಗೆ ಸಿಗಬಹುದು ಅಂತ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ನಿವೃತ್ತ ಮುಖ್ಯಗುರು, ಬೀದರ್

ಮೊದಲು ಪದದ ವಿಷಯ. ಶಾಲೆಯ ಮಾತಿನಲ್ಲಿ ಈ ಪದಕ್ಕೆ ‘ಎಷ್ಟನೆಯವರು’ ಅನ್ನುವುದೇ ಅರ್ಥ. “ನಮ್ಮ ಹುಡುಗಿ ಎಷ್ಟನೇ ನಂಬರ್ ಬಂದಾಳ್ರೀ ಸರ?” ಅಂತ ತಾಯಿ ಕೇಳುತ್ತಾರಲ್ಲ, ಅದಕ್ಕೆ ಕೊಡುವ ಉತ್ತರ. ಕನ್ನಡದಲ್ಲಿ ‘ಸ್ಥಾನ’ ಸಾಕು. ‘ಶ್ರೇಣಿ’ ಅಂದರೆ ಎ ಪ್ಲಸ್, ಎ ಅನ್ನುವ ಗುಂಪು. ‘ಕ್ರಮಾಂಕ’ ಬೇಡವೇ ಬೇಡ, ನಮ್ಮ ಕಡೆ ಅದನ್ನು ರೋಲ್ ನಂಬರ್ ಅಂತಲೇ ಓದುತ್ತಾರೆ. ಹಾಗಾಗಿ ರೋಲ್ ನಂಬರ್ ಕದಲಿಸದೆ ಪಕ್ಕದಲ್ಲಿ ‘ಸ್ಥಾನ’ ಅಂತ ಒಂದು ಕಾಲಮ್ ಸೇರಿಸಿ. ಸಾಲು ಹೊಂದಿಸಿದ ಪಟ್ಟಿ ಬೇಕು ಅಂದರೆ ಆಮೇಲೆ ಅದೇ ಕಾಲಮ್ ಮೇಲೆ ಸಾರ್ಟ್ ಮಾಡಿದರಾಯಿತು.

ಸಮ ಅಂಕದವರ ವಿಷಯ ಯಾದಗಿರಿಯ ತಮ್ಮಂದಿರು ಹೇಳಿದಷ್ಟು ಸಲೀಸಲ್ಲ. 4 ಮತ್ತು 11, ಇಬ್ಬರಿಗೂ 406. ಆ ಫಾರ್ಮುಲಾ ಇಬ್ಬರಿಗೂ 2 ಕೊಟ್ಟು, 398 ತೆಗೆದ 15ನೇ ಹುಡುಗನಿಗೆ 4 ಕೊಡುತ್ತದೆ. ಶಾಲೆಯಲ್ಲಿ ಬೋರ್ಡಿಗೆ ಹಚ್ಚುವಾಗ ಎಷ್ಟೋ ಮಂದಿ ‘ಮೂರನೇ ಸ್ಥಾನ’ ಖಾಲಿ ಬಿಡುವುದಿಲ್ಲ, 1, 2, 2, 3 ಅಂತಲೇ ಬರೆಯುತ್ತಾರೆ. ಎರಡೂ ರೂಢಿಯಲ್ಲಿವೆ. ಆದರೆ ಅರ್ಥ ಬೇರೆ. ಮೊದಲನೆಯದರಲ್ಲಿ 4 ಅಂದರೆ ‘ನನ್ನ ಮುಂದೆ ಮೂವರಿದ್ದಾರೆ’. ಎರಡನೆಯದರಲ್ಲಿ 3 ಅಂದರೆ ‘ನನಗಿಂತ ಮೇಲೆ ಎರಡು ಅಂಕಮಟ್ಟ ಇವೆ’. ಟೋಕಿಯೊ ಒಲಿಂಪಿಕ್ಸ್‌ನ ಗಂಡಸರ ಹೈಜಂಪ್‌ನಲ್ಲಿ ಇಬ್ಬರು ಚಿನ್ನ ಹಂಚಿಕೊಂಡರು, ಬೆಳ್ಳಿ ಯಾರಿಗೂ ಇಲ್ಲ, ಮುಂದಿನವನಿಗೆ ಕಂಚು. ಅದು ಮೊದಲನೇ ಪದ್ಧತಿ. ನನಗೆ ಅದೇ ನ್ಯಾಯ ಅನ್ನಿಸುತ್ತದೆ, ಆದರೆ ಬಹುಮಾನ ಹಂಚುವ ದಿನ ಪಾಲಕರಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ.

ಗಣಿತ ಶಿಕ್ಷಕಿ, ಕಲಬುರಗಿ

ನಿವೃತ್ತ ಗುರುಗಳು ಹೇಳಿದ್ದು ಸರಿ. ಯಾದಗಿರಿಯವರು ಹೇಳಿದ್ದು ಅರ್ಧ ಸರಿ. AB ಇರುವ ಸೆಲ್ಲನ್ನು ಎಕ್ಸೆಲ್ ಬಿಡುತ್ತದೆ, ನಿಜ. ಬಿಟ್ಟಾಗ ಏನಾಗುತ್ತದೆ ಅನ್ನುವುದೇ ತೊಂದರೆ. 7ನೇ ರೋಲ್ ನಂಬರ್ ನೋಡಿ. SUM ಹಾಕಿದರೆ ವಿಜ್ಞಾನಕ್ಕೆ ಸೊನ್ನೆ ಕೊಟ್ಟ ಹಾಗೆ, 360, ಈ ಆರು ಜನರಲ್ಲಿ ಕೊನೆ. ಅದೇ AVERAGE ಹಾಕಿದರೆ ಐದೇ ವಿಷಯಕ್ಕೆ ಭಾಗಿಸುತ್ತದೆ, ಸರಾಸರಿ 72. ರೋಲ್ ನಂಬರ್ 2ಕ್ಕೆ 421ನ್ನು ಆರರಿಂದ ಭಾಗಿಸಿದರೆ 70.17 ಅಷ್ಟೇ. ಗೈರಾದವನೇ ಕ್ಲಾಸಿಗೆ ಮೊದಲಿಗ! ಪಟ್ಟಿಯಲ್ಲಿ ಎಲ್ಲೂ ಎರರ್ ಕಾಣುವುದಿಲ್ಲ, ಅದಕ್ಕೇ ಗೊತ್ತಾಗುವುದೂ ಇಲ್ಲ. ನಾನು ಮಾಡುವುದು ಇಷ್ಟೇ: ಒಂದು ವಿಷಯಕ್ಕಾದರೂ ಗೈರಾಗಿದ್ದರೆ ಸ್ಥಾನದ ಕಾಲಮ್‌ನಲ್ಲಿ ‘ಗೈರು’ ಅಂತ ಬರೆದು, ಲೆಕ್ಕದಿಂದಲೇ ಹೊರಗಿಡುತ್ತೇನೆ. ಸೊನ್ನೆ ತೆಗೆದವನೇ ಬೇರೆ, ಬಾರದವನೇ ಬೇರೆ ಅಲ್ವಾ?

1, 2, 2, 3 ಬೇಕಿದ್ದರೆ ಈ ಫಾರ್ಮುಲಾ ತುಂಬಾ ಓಡಾಡುತ್ತದೆ:

```
=SUMPRODUCT((E$2:E$7>E2)/COUNTIF(E$2:E$7,E$2:E$7))+1
```

ಒಟ್ಟು ಕಾಲಮ್‌ನಲ್ಲಿ AB ಅಂತ ಇದ್ದರೆ ಇದು ಕೈಕೊಡುತ್ತದೆ. ಹೋಲಿಸುವಾಗ ಎಕ್ಸೆಲ್ ಅಕ್ಷರವನ್ನು ಯಾವ ಸಂಖ್ಯೆಗಿಂತಲೂ ದೊಡ್ಡದು ಅಂತ ಹಿಡಿಯುತ್ತದೆ. ಗೈರಾದವನು ಎಲ್ಲರ ಮೇಲೆ ಕೂತು, ಉಳಿದವರೆಲ್ಲ ಒಂದೊಂದು ಸ್ಥಾನ ಕೆಳಗಿಳಿಯುತ್ತಾರೆ. ಕಂಡುಹಿಡಿಯುವುದು ಸುಲಭ: ಅಂಕ ಇರುವವರಲ್ಲಿ 1 ಯಾರಿಗೂ ಬಂದಿರುವುದಿಲ್ಲ.

ಇನ್ನೊಂದು ಮಾತು. ಬೀದರ್‌ನ ಪಾಲಕರು ಬೇರೇನೋ ಕೇಳಿದರೂ ಸರಿಯಾದ ಜಾಗವನ್ನೇ ಮುಟ್ಟಿದ್ದಾರೆ. ಒಟ್ಟು ಮಾಡುವುದು ಅಂದರೇ ತೂಕ ಕೊಡುವುದು. ಪ್ರಥಮ ಭಾಷೆ 100ಕ್ಕೆ, ಗಣಿತ 80ಕ್ಕೆ ಇರುವಾಗ ಸುಮ್ನೆ ಕೂಡಿಸಿದರೆ ಭಾಷೆಗೆ ಒಂದೂಕಾಲು ಪಟ್ಟು ತೂಕ. ಆರೂ ವಿಷಯ ಶೇಕಡಾ ಮಾಡಿ ಸಮವಾಗಿ ನೋಡಿದರೆ, ರೋಲ್ ನಂಬರ್ 4ಕ್ಕೆ ಭಾಷೆಯಲ್ಲಿ 96, ಉಳಿದ ಐದರಲ್ಲಿ ಸರಾಸರಿ 77.5, ಒಟ್ಟಾರೆ 80.58. ರೋಲ್ ನಂಬರ್ 11ಕ್ಕೆ 78 ಮತ್ತು 82, ಒಟ್ಟಾರೆ 81.33. ಸಮ ಅಂಕ ಅನ್ನುವುದೇ ಉಳಿಯಲಿಲ್ಲ.

ಕಂಪ್ಯೂಟರ್ ಸೆಂಟರ್ ನಡೆಸುವವರು, ಯಾದಗಿರಿ

ಮೇಡಂ, ಸರಾಸರಿಯ ವಿಷಯ ಒಪ್ಪಿದೆ. ಆದರೆ ತೂಕದ ವಿಷಯ ಒಪ್ಪುವುದಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲೂ ಪ್ರಥಮ ಭಾಷೆ 125, ಉಳಿದವು 100, ಒಟ್ಟು 625. ಬೋರ್ಡೇ ಕೂಡಿಸುವಾಗ ನಾವು ಬೇರೆ ಲೆಕ್ಕ ಯಾಕೆ ಮಾಡಬೇಕು?

ಗಣಿತ ಶಿಕ್ಷಕಿ, ಕಲಬುರಗಿ

ಮಾಡಿ ಅಂತ ನಾನೆಲ್ಲಿ ಹೇಳಿದೆ? ಕೂಡಿಸಿದರೂ ಸರಿ, ಶೇಕಡಾ ಮಾಡಿದರೂ ಸರಿ. ‘ಸ್ಥಾನ (500ರ ಒಟ್ಟು ಅಂಕದ ಮೇಲೆ)’ ಅಂತ ಕಾಲಮ್ ತಲೆಯಲ್ಲೇ ಬರೆಯಿರಿ ಅಂತ ನನ್ನ ಮಾತು. 11ನೇ ಹುಡುಗಿಯ ಅಪ್ಪ ಶೇಕಡಾ ಲೆಕ್ಕ ಹಿಡಿದು ಬಂದರೆ ಉತ್ತರ ಇರಬೇಕಲ್ಲ. ಸಮ ಬಂದವರನ್ನು ಬಿಡಿಸಲು ಗಣಿತದ ಅಂಕ ನೋಡುವವರೂ ಇದ್ದಾರೆ. ಮೊದಲೇ ಹೇಳದೆ ಹಾಗೆ ಮಾಡುವುದು ನನಗೆ ಸರಿ ಕಾಣುವುದಿಲ್ಲ, ಗಣಿತದವಳಾಗಿಯೇ ಹೇಳುತ್ತಿದ್ದೇನೆ.

ಕೇಳಿದವರು: ಕನ್ನಡ ಶಿಕ್ಷಕರು, ಕಲಬುರಗಿ

ಮುಖ್ಯಗುರುಗಳಿಗೆ ಫೋನ್ ಮಾಡಿದೆ. ಅವರಿಗೆ ಬೇಕಾಗಿದ್ದು ‘ಮೊದಲ ಮೂವರ ಹೆಸರು’ ಅಷ್ಟೇ ಅಂತೆ, ಬಹುಮಾನಕ್ಕೆ. ಒಟ್ಟು ಅಂಕದ ಮೇಲೆ 2, 4, 11 ಬರೆದು ಕಳಿಸಿದೆ. ಕಾಲಮ್ ತಲೆಯಲ್ಲಿ ಮೇಡಂ ಹೇಳಿದ ಹಾಗೆ ‘500ರ ಒಟ್ಟು ಅಂಕದ ಮೇಲೆ, ಒಂದು ವಿಷಯಕ್ಕೆ ಗೈರಾದವರನ್ನು ಬಿಟ್ಟು’ ಅಂತ ಹಾಕಿದೆ. ಓದಿದವರೇ “ಹಾಗಾದರೆ 7ನೇ ಹುಡುಗನಿಗೆ ವಿಜ್ಞಾನ ಮತ್ತೆ ಬರೆಸೋಣ, ಆಮೇಲೆ ಸೇರಿಸಿ” ಅಂದರು. ಬೇರೆ ಪ್ರಶ್ನೆಪತ್ರಿಕೆ ಬರೆದು ಬಂದ ಅಂಕವನ್ನು ಇದೇ ಪಟ್ಟಿಗೆ ಸೇರಿಸಬಹುದಾ? 406 ದಾಟಲು ಅವನಿಗೆ 47 ಸಾಕು.

ನಿವೃತ್ತ ಮುಖ್ಯಗುರು, ಬೀದರ್

ನಾನಾಗಿದ್ದರೆ ಅಂಕಪಟ್ಟಿಗೆ ಸೇರಿಸುತ್ತಿದ್ದೆ, ಸ್ಥಾನಕ್ಕೆ ಸೇರಿಸುತ್ತಿರಲಿಲ್ಲ. ಬೇರೆಯವರು ಏನಂತೀರಿ?