ಮಳೆಯಲ್ಲಿ ಚಿತ್ರೀಕರಣ ಮುಗಿಸಿದ ಮೇಲೆ ಲೆನ್ಸಿನೊಳಗೆ ಮಂಜು

ಪ್ರಶ್ನೆ: ಇಡೀ ಬೆಳಿಗ್ಗೆ ರೇನ್ ಕವರ್ ಹಾಕಿಕೊಂಡೇ ಮಳೆಯಲ್ಲಿ ಫೋಟೊ ತೆಗೆದೆ. ಸಂಜೆ ನೋಡಿದರೆ ಜೂಮ್ ಲೆನ್ಸಿನ ಒಳಗಾಜಿನ ಮೇಲೆ ಮಂಜು ಕೂತಿದೆ. ಹನಿ ಒಳಗೆ ಹೋಗದಿದ್ದರೂ ಹೀಗೇಕೆ? ಈಗ ಏನು ಮಾಡಬೇಕು?

ಮದುವೆ ಛಾಯಾಗ್ರಾಹಕ: ಮೊದಲು ಬ್ಯಾಟರಿ ತೆಗೆದುಬಿಡಿ. ಲೆನ್ಸನ್ನು ಅಕ್ಕಿ ಡಬ್ಬದಲ್ಲಿ ಹೂತಿಡಿ, ಬೆಳಗಾಗುವಷ್ಟರಲ್ಲಿ ಸರಿಹೋಗುತ್ತದೆ. ಅವಸರವಿದ್ದರೆ ಹೇರ್ ಡ್ರೈಯರ್ ಹಿಡಿಯಿರಿ.

ಲೆನ್ಸ್ ದುರಸ್ತಿ ಮಾಡುವವರು: ಬ್ಯಾಟರಿಯ ಮಾತು ಸರಿ, ಉಳಿದೆರಡು ಬೇಡ. ಅಕ್ಕಿ ತೇವವನ್ನು ಹೀರುವುದು ಬಹಳ ಕಡಿಮೆ, ಅದರ ಹಿಟ್ಟು ಜೂಮ್ ಉಂಗುರದ ಸಂದಿಗೆ ಸೇರುತ್ತದೆ. ಬಿಸಿಗಾಳಿಗೆ ಒಳಗಿನ ಗ್ರೀಸ್ ಕರಗಿ ಅಪರ್ಚರ್ ಎಸಳುಗಳಿಗೆ ಹರಿಯಬಹುದು.

ಕಾರಣ ಹನಿಯಲ್ಲ, ಗಾಳಿ. ಜೂಮ್ ಮಾಡುವಾಗ ಲೆನ್ಸ್ ಉದ್ದವಾದರೆ ಅದು ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಕವರಿನೊಳಗಿನ ಗಾಳಿಯಲ್ಲೂ ತೇವ ತುಂಬಿರುತ್ತದೆ. ಗಾಜು ತಣ್ಣಗಾದೊಡನೆ ಅದು ಮಂಜಾಗಿ ಕೂರುತ್ತದೆ.

ಈಗ ಲೆನ್ಸಿನ ಹೊರಮೈಯನ್ನು, ಮುಖ್ಯವಾಗಿ ಜೂಮ್ ಕೊಳವೆಯನ್ನು, ಒಣಬಟ್ಟೆಯಿಂದ ಒರೆಸಿ. ಎರಡೂ ಮುಚ್ಚಳ ತೆಗೆದು, ಜೂಮ್ ಉದ್ದ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಒಣಗಿದ ಸಿಲಿಕಾ ಜೆಲ್ ಜೊತೆ ಇಡಿ. ಎರಡು ದಿನ ಮುಟ್ಟಬೇಡಿ. ಒದ್ದೆ ಬ್ಯಾಗಿನಲ್ಲಂತೂ ಇಡಲೇಬೇಡಿ. ಅದರ ಸ್ಪಂಜು ತೇವವನ್ನು ದಿನಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ.

ಪ್ರವಾಸಿ: ನನ್ನ ಕ್ಯಾಮೆರಾ ಹೋದದ್ದು ಮಳೆಗಲ್ಲ, ಕಳ್ಳರಿಗೆ. ಬ್ಯಾಗ್ ಪಕ್ಕದಲ್ಲಿಟ್ಟು ಕಣ್ಣು ಮುಚ್ಚಿದ್ದಷ್ಟೆ. ಸೀರಿಯಲ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಅನೇಕ ಕ್ಯಾಮೆರಾಗಳಲ್ಲಿ ಅದು ಹಳೆಯ ಫೋಟೊ ಫೈಲುಗಳ ಮಾಹಿತಿಯಲ್ಲೂ ಸಿಗುತ್ತದೆ. ದೂರು ಕೊಡುವಾಗ ನನಗೆ ನೆರವಾದದ್ದು ಅದೇ.

ಪ್ರಶ್ನೆ ಕೇಳಿದವರು: ಮಂಜು ಹೋದರೆ ಸಾಕೇ? ಬೂಸ್ಟು ಹಿಡಿದಿದೆಯೇ ಎಂದು ತಿಳಿಯುವುದು ಹೇಗೆ?

ಲೆನ್ಸ್ ದುರಸ್ತಿ ಮಾಡುವವರು: ಕತ್ತಲ ಕೋಣೆಯಲ್ಲಿ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಧೂಳು ಬಿಡಿಬಿಡಿ ಚುಕ್ಕೆಯಾಗಿ ಕಾಣುತ್ತದೆ. ಬೂಸ್ಟಾದರೆ ಅಂಚಿನಿಂದ ಒಳಕ್ಕೆ ಕವಲೊಡೆದ ಸಣ್ಣ ಎಳೆಗಳು, ಜೇಡರ ಬಲೆಯ ಹಾಗೆ. ಆರಂಭದಲ್ಲೇ ಬಿಚ್ಚಿ ಒರೆಸಿದರೆ ಗಾಜು ಉಳಿಯುತ್ತದೆ. ಬಿಟ್ಟರೆ ಗಾಜಿನ ಲೇಪನವನ್ನೇ ಕೊರೆಯುತ್ತದೆ. ಆಮೇಲೆ ಒರೆಸಿದರೂ ಗುರುತು ಹೋಗದು.

ಡಬ್ಬಿಯಲ್ಲಿ ಒಂದು ಆರ್ದ್ರತೆ ಮಾಪಕ ಇರಲಿ. ಮುಳ್ಳು 40ರಿಂದ 50 ಪ್ರತಿಶತದ ನಡುವೆ ನಿಲ್ಲಬೇಕು. 60 ದಾಟಿ ನಿಂತೇ ಇದ್ದರೆ ಜೆಲ್ ಹೀರುವುದನ್ನು ನಿಲ್ಲಿಸಿದೆ ಎಂದರ್ಥ. ಪ್ಯಾಕೆಟ್ ಮೇಲೆ ಬರೆದಿರುವಷ್ಟು ಉಷ್ಣತೆಯಲ್ಲಿ ಒಣಗಿಸಿ ಮತ್ತೆ ಬಳಸಬಹುದು.

ಮದುವೆ ಛಾಯಾಗ್ರಾಹಕ: ಬಿಸಿಲಿಗಿಟ್ಟರೆ ಬೂಸ್ಟು ಸಾಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು.

ಲೆನ್ಸ್ ದುರಸ್ತಿ ಮಾಡುವವರು: ನೇರಳಾತೀತ ಕಿರಣಕ್ಕೆ ಆ ಗುಣ ಇದೆ. ಆದರೆ ಗಾಜುಗಳನ್ನು ದಾಟಿ ಒಳಗಿನ ಪದರಕ್ಕೆ ಎಷ್ಟು ತಲುಪುತ್ತದೆ ಎಂಬುದರಲ್ಲಿ ನನಗೆ ನಂಬಿಕೆಯಿಲ್ಲ. ಬಿಸಿಲಲ್ಲಿ ಲೆನ್ಸ್ ಕಾಯುವುದಂತೂ ಖಚಿತ. ನಾನು ಇಡುವುದಿಲ್ಲ.

ಮದುವೆ ಛಾಯಾಗ್ರಾಹಕ: ಎಳೆಬಿಸಿಲಿಗೆ ನಾನು ಇಡುತ್ತಲೇ ಬಂದಿದ್ದೇನೆ, ಇದುವರೆಗೆ ತೊಂದರೆಯಾಗಿಲ್ಲ.