ಮೈನಸ್ 40ರಲ್ಲಿ ಎರಡು ಮಾಪಕಗಳೂ ಸೇರೋದು ಹೇಗೆ?

ಪ್ರಶ್ನೆ | ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುವವರು, ವಿಜಯಪುರ

ಬೆಳಗಾವಿಯಿಂದ ಗೋಡೆಗೆ ಹಾಕುವ ಮುಳ್ಳಿನ ಥರ್ಮಾಮೀಟರ್ ತಂದಿದ್ದೇನೆ. ಒಳಗಿನ ಸುತ್ತು ಸೆಲ್ಸಿಯಸ್, ಹೊರಗಿನದು ಫ್ಯಾರನ್‌ಹೀಟ್. ಎಡತುದಿಯಲ್ಲಿ ಎರಡೂ ಕಡೆ ಮೈನಸ್ 40 ಅಂತ ಒಂದೇ ಗೆರೆಯ ಮೇಲೆ ಬರೆದಿದೆ. ಬಲತುದಿಯಲ್ಲಿ 50ರ ಹತ್ತಿರ 120 ಇದೆ, ಅದೂ ಗೆರೆಗೆ ಸರಿಯಾಗಿ ಎದುರಿಲ್ಲ, ಸ್ವಲ್ಪ ಹಿಂದೆ. ಒಂದು ಕಡೆ ಒಂದೇ ಸಂಖ್ಯೆ, ಇನ್ನೊಂದು ಕಡೆ ಇಷ್ಟು ವ್ಯತ್ಯಾಸ. ಇದು ಪ್ರಿಂಟ್ ತಪ್ಪಾ? ವಾಪಸ್ ಕೊಡಲಾ?

ಉತ್ತರ | ಇನ್‌ಸ್ಟ್ರುಮೆಂಟ್ ವಿಭಾಗ, ಸಕ್ಕರೆ ಕಾರ್ಖಾನೆ, ಬಾಗಲಕೋಟೆ ಜಿಲ್ಲೆ

ಅಕ್ಕಾರ, ಪ್ರಿಂಟ್ ಸರಿಯಾಗಿಯೇ ಇದೆ. ನೀವು ಹೇಳಿದ ಎರಡು ಗುರುತುಗಳೂ ಲೆಕ್ಕಕ್ಕೆ ಕೂಡುತ್ತವೆ.

ನೀರು ಹೆಪ್ಪುಗಟ್ಟುವುದು ಸೆಲ್ಸಿಯಸ್‌ನಲ್ಲಿ 0, ಫ್ಯಾರನ್‌ಹೀಟ್‌ನಲ್ಲಿ 32. ಕುದಿಯುವುದು 100 ಮತ್ತು 212. ಅಂದರೆ ಅದೇ ದೂರವನ್ನು ಸೆಲ್ಸಿಯಸ್ 100 ಭಾಗ ಮಾಡಿದೆ, ಫ್ಯಾರನ್‌ಹೀಟ್ 180 ಭಾಗ ಮಾಡಿದೆ. ಹಾಗಾಗಿ ಫ್ಯಾರನ್‌ಹೀಟ್ ಡಿಗ್ರಿ ಚಿಕ್ಕದು. ಸೆಲ್ಸಿಯಸ್‌ನಲ್ಲಿ 5 ಡಿಗ್ರಿ ಇಳಿದರೆ ಫ್ಯಾರನ್‌ಹೀಟ್‌ನಲ್ಲಿ 9 ಡಿಗ್ರಿ ಇಳಿಯುತ್ತದೆ. ಶಾಲೆಯಲ್ಲಿ ಓದಿದ ಸೂತ್ರ ಇದನ್ನೇ ಹೇಳುತ್ತದೆ:

```
F = C × 9/5 + 32
```

ಎರಡೂ ಒಂದೇ ಆಗುವ ಜಾಗ ಬೇಕಿದ್ದರೆ F ಮತ್ತು C ಎರಡರ ಜಾಗದಲ್ಲೂ x ಇಟ್ಟು ಬಿಡಿಸಿದರೆ ಸಾಕು. ಆದರೆ ಹಾಗೆ ಸಿಕ್ಕ ಉತ್ತರ ಕಾಗದದ ಮೇಲೆ ಸರಿ ಕಾಣುತ್ತದೆ, ಮನಸ್ಸಿಗೆ ಕೂರುವುದಿಲ್ಲ. ನಮ್ಮ ಹೊಸ ಹುಡುಗರಿಗೆ ನಾನು ಮೊದಲು ಎರಡು ಸಂಖ್ಯೆಗಳ ನಡುವಿನ ಅಂತರ ನೋಡಲು ಹೇಳುತ್ತೇನೆ. ಸೆಲ್ಸಿಯಸ್ ಸೊನ್ನೆಯಿಂದ ಹತ್ತು ಹತ್ತು ಡಿಗ್ರಿ ಕೆಳಗೆ ಇಳಿಯಿರಿ:

```
C      F      F − C
0      32     32
−10    14     24
−20    −4     16
−30    −22    8
−40    −40    0
−50    −58    −8
```

ಕೊನೆಯ ಕಾಲಂ ಮೇಲಿಂದ ಕೆಳಗೆ ನೋಡಿ. ಅಂತರ ಪ್ರತಿ ಸಲವೂ ಎಂಟೆಂಟೇ ಕಡಿಮೆಯಾಗುತ್ತಾ ಬಂದಿದೆ. ಇಬ್ಬರು ಒಂದೇ ದಾರಿಯಲ್ಲಿ ನಡೆಯುತ್ತಿದ್ದಾರೆ, ಒಬ್ಬ 32 ಹೆಜ್ಜೆ ಹಿಂದಿದ್ದಾನೆ, ಆದರೆ ಅವನ ನಡಿಗೆ ಜೋರು ಅಂದುಕೊಳ್ಳಿ. ಮುಂದಿನವನು 5 ಹೆಜ್ಜೆ ಇಡುವಷ್ಟರಲ್ಲಿ ಇವನು 9 ಇಡುತ್ತಾನೆ. ಒಂದು ಕಡೆ ಅವನನ್ನು ಹಿಡಿದೇ ಹಿಡಿಯುತ್ತಾನೆ, ಆಮೇಲೆ ದಾಟಿ ಹೋಗುತ್ತಾನೆ. ಮೈನಸ್ 50ರಲ್ಲಿ ಫ್ಯಾರನ್‌ಹೀಟ್ ಸಂಖ್ಯೆ ಕೆಳಗೆ ಹೋಗಿರುವುದು ಅದಕ್ಕೇ.

ಒಂದು ಸೆಲ್ಸಿಯಸ್ ಡಿಗ್ರಿ ಇಳಿದರೆ ಅಂತರ 0.8 ಕಡಿಮೆಯಾಗುತ್ತದೆ. 32 ಪೂರ್ತಿ ಕರಗಲು 32 ಭಾಗಿಸು 0.8, ಅಂದರೆ 40 ಡಿಗ್ರಿ ಇಳಿಯಬೇಕು. ಸೊನ್ನೆಯಿಂದ ಕೆಳಗೆ 40. ಮೈನಸ್ 40 ಬಂದಿದ್ದು ಇಲ್ಲಿಂದ.

ಈಗ x ಇಟ್ಟು ಬಿಡಿಸಿದರೂ ಅದೇ ಲೆಕ್ಕ ಕಾಣುತ್ತದೆ:

```
x = 9x/5 + 32
x − 9x/5 = 32
−4x/5 = 32
x = −40
```

ಮೂರನೇ ಸಾಲಿನ 4/5 ಅಂದರೆ ಆ 0.8 ತಾನೇ.

ಬಲತುದಿಯ ವಿಷಯ. 50 ಸೆಲ್ಸಿಯಸ್ ಅಂದರೆ 122 ಫ್ಯಾರನ್‌ಹೀಟ್. ನಿಮ್ಮ ಡಯಲ್ ಹತ್ತಿರದ ದುಂಡು ಸಂಖ್ಯೆ 120 ಬರೆದಿದೆ. ಅದು 50ರ ಗೆರೆಗಿಂತ ಸ್ವಲ್ಪ ಹಿಂದೆ ಇರಲೇಬೇಕು. ಸರಿಯಾಗಿ ಎದುರಿಗೇ ಇದ್ದಿದ್ದರೆ ಆಗ ನಾನು ಅನುಮಾನ ಪಡುತ್ತಿದ್ದೆ.

ಟ್ರಾವೆಲ್ಸ್ ನಡೆಸುವವರು, ಬೆಳಗಾವಿ

ಸರ್, ನಾನು ಬೇರೆ ರೀತಿ ಮಾಡ್ತೀನಿ. ಸೆಲ್ಸಿಯಸ್ ಡಬಲ್ ಮಾಡಿ 30 ಕೂಡಿಸೋದು. ಫಾರಿನ್ ಪಾರ್ಟಿಗಳಿಗೆ ಹವಾಮಾನ ಹೇಳೋಕೆ ಇಷ್ಟು ಸಾಕು. ಆದರೆ ಈ ಲೆಕ್ಕದಲ್ಲಿ ಎರಡೂ ಒಂದೇ ಆಗೋದು ಮೈನಸ್ 30ರಲ್ಲಿ. ಡಬಲ್ ಮಾಡಿದರೆ ಮೈನಸ್ 60, 30 ಕೂಡಿಸಿದರೆ ಮೈನಸ್ 30. ನೀವು 40 ಅಂತೀರಿ. ಯಾವುದು ಸರಿ?

ಇನ್‌ಸ್ಟ್ರುಮೆಂಟ್ ವಿಭಾಗ

ಒಳ್ಳೆ ಜಾಗದಲ್ಲಿ ಕೈ ಇಟ್ಟಿರಿ ಅಣ್ಣಾ. ನಿಮ್ಮ ಲೆಕ್ಕ ಸರಿಯಾಗಿ ಕೂಡುವುದು 10 ಸೆಲ್ಸಿಯಸ್‌ನಲ್ಲಿ ಮಾತ್ರ. ಡಬಲ್ 20, ಪ್ಲಸ್ 30, ಒಟ್ಟು 50. ನಿಜವಾದ ಉತ್ತರವೂ 50. ಅಲ್ಲಿಂದ ಒಂದೊಂದು ಡಿಗ್ರಿ ಆಚೀಚೆ ಹೋದಂತೆ 0.2 ತಪ್ಪು ಸೇರುತ್ತದೆ, ಯಾಕಂದರೆ ನೀವು 1.8ರ ಬದಲು 2ರಿಂದ ಗುಣಿಸುತ್ತಿದ್ದೀರಿ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿಗೆ ನಿಮ್ಮ ಲೆಕ್ಕ 110 ಕೊಡುತ್ತದೆ, ನಿಜವಾದದ್ದು 104. ಹವಾಮಾನ ಹೇಳೋಕೆ ನಡೆಯುತ್ತದೆ.

ಕೆಳಗೆ ಹೋದಾಗ ಕೆಡುತ್ತದೆ. ಮೈನಸ್ 40 ಅಂದರೆ 10ರಿಂದ 50 ಡಿಗ್ರಿ ದೂರ. 50 ಸಲ 0.2 ಅಂದರೆ 10 ಡಿಗ್ರಿ ತಪ್ಪು. ನಿಮ್ಮ ಸೂತ್ರ ಅಲ್ಲಿ ಮೈನಸ್ 50 ತೋರಿಸುತ್ತದೆ. ಸೂತ್ರ ಬದಲಾದರೆ ಸೇರುವ ಜಾಗವೂ ಬದಲಾಗುತ್ತದೆ. ನಿಮ್ಮ ಮೈನಸ್ 30 ನಿಮ್ಮ ಸೂತ್ರಕ್ಕೆ ಸರಿ, ಥರ್ಮಾಮೀಟರಿಗೆ ಅಲ್ಲ.

ಬಾಯಿಲೆಕ್ಕವೇ ಬೇಕು, ಪಕ್ಕಾ ಉತ್ತರವೂ ಬೇಕು ಅಂದರೆ ಮೈನಸ್ 40ನ್ನೇ ಬಳಸಿಕೊಳ್ಳಿ. 40 ಕೂಡಿಸಿ, 9/5ರಿಂದ ಗುಣಿಸಿ, 40 ಕಳೆಯಿರಿ. ಅಕ್ಕಾರ ಕೋಲ್ಡ್ ರೂಮ್ 5 ಡಿಗ್ರಿ ಇದೆ ಅಂದುಕೊಳ್ಳಿ. 5ಕ್ಕೆ 40 ಸೇರಿದರೆ 45. ಅದರ 9/5 ಅಂದರೆ 81. 40 ಕಳೆದರೆ 41. ವಾಪಸ್ ಬರುವಾಗಲೂ ಮೊದಲು 40 ಕೂಡಿಸಿ ಕೊನೆಗೆ 40 ಕಳೆಯುವುದೇ, ನಡುವೆ ಮಾತ್ರ 5/9. ಎರಡು ಮಾಪಕಗಳೂ ಸೇರುವ ಜಾಗದಿಂದ ಎಣಿಸಿದರೆ ಆ 32ರ ಕಾಟವೇ ಇರಲ್ಲ, ಬರೀ ಗುಣಾಕಾರ ಉಳಿಯುತ್ತದೆ.

ಟ್ರಾವೆಲ್ಸ್ ನಡೆಸುವವರು

ಲೆಕ್ಕ ಒಪ್ಪಿದೆ ಸರ್. ಆದರೆ ಗಾಡಿ ಓಡಿಸುವಾಗ 45ರ 9/5 ಯಾರು ಮಾಡ್ತಾರೆ? ನನಗೆ ಡಬಲ್ಲೇ ಇರಲಿ.

ಪಿಯು ವಿದ್ಯಾರ್ಥಿನಿ, ಬಾಗಲಕೋಟೆ

ಸರ್, ಸೆಲ್ಸಿಯಸ್ ಮತ್ತು ಕೆಲ್ವಿನ್ ಕೂಡ ಎಲ್ಲಾದರೂ ಸೇರುತ್ತವಾ?

ಇನ್‌ಸ್ಟ್ರುಮೆಂಟ್ ವಿಭಾಗ

ಇಲ್ಲ ತಂಗಿ. ಅವೆರಡರ ಡಿಗ್ರಿಯ ಅಳತೆ ಒಂದೇ. ಅಂತರ ಯಾವಾಗಲೂ 273.15, ಕರಗುವುದೇ ಇಲ್ಲ. ಡಿಗ್ರಿಯ ಅಳತೆ ಬೇರೆ ಇದ್ದರೆ ಮಾತ್ರ ಸೇರುತ್ತವೆ, ಅದೂ ಒಂದೇ ಕಡೆ. ಫ್ಯಾರನ್‌ಹೀಟ್ ಮತ್ತು ಕೆಲ್ವಿನ್ ಸುಮಾರು 574.6ರಲ್ಲಿ ಸೇರುತ್ತವೆ, ನೀನೇ ಬಿಡಿಸಿ ನೋಡು. ಅಲ್ಲಿ ದುಂಡು ಸಂಖ್ಯೆ ಬರಲಿಲ್ಲ ಅಲ್ವಾ? ಮೈನಸ್ 40 ದುಂಡಾಗಿ ಬಂದಿದ್ದು 32 ನಾಲ್ಕರಿಂದ ಸರಿಯಾಗಿ ಭಾಗವಾಗುತ್ತದೆ ಅಂತ ಮಾತ್ರ. ಆ ಚಳಿಯಲ್ಲಿ ಪ್ರಕೃತಿಯ ಗುಟ್ಟೇನೂ ಅಡಗಿಲ್ಲ.

ನಿವೃತ್ತ ಲ್ಯಾಬ್ ಸಹಾಯಕರು, ವಿಜಯಪುರ

ಪಾದರಸ ಗಟ್ಟಿಯಾಗುವುದೂ ಮೈನಸ್ 40ರಲ್ಲೇ. ಅದಕ್ಕೇ ಆ ಸಂಖ್ಯೆ ಆರಿಸಿದ್ದಾರೆ.

ಇನ್‌ಸ್ಟ್ರುಮೆಂಟ್ ವಿಭಾಗ

ಹತ್ತಿರ ಇದೆ ಸರ್, ಆದರೆ ಅಲ್ಲೇ ಅಲ್ಲ. ಪಾದರಸ ಗಟ್ಟಿಯಾಗುವುದು ಮೈನಸ್ 38.83 ಸೆಲ್ಸಿಯಸ್‌ನಲ್ಲಿ. ಮೇಲಿನ ಲೆಕ್ಕದಲ್ಲಿ ಪಾದರಸ ಎಲ್ಲೂ ಬರಲಿಲ್ಲ, ಬರೀ 32 ಮತ್ತು 9/5 ಸಾಕಾಯಿತು. ಆದರೆ ನಿಮ್ಮ ಮಾತಿನಿಂದ ಒಂದು ಉಪಯೋಗ ಇದೆ. ಬರೀ ಪಾದರಸ ತುಂಬಿದ ಥರ್ಮಾಮೀಟರಿನಲ್ಲಿ ಮೈನಸ್ 40 ಓದಲು ಆಗುವುದಿಲ್ಲ, ಅಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ. ಅಲ್ಲಿಗೆ ಆಲ್ಕೋಹಾಲ್ ಥರ್ಮಾಮೀಟರ್ ಬೇಕು, ಇಲ್ಲ ಎಲೆಕ್ಟ್ರಾನಿಕ್ ಸೆನ್ಸರ್.

ಕಿರಾಣಿ ವ್ಯಾಪಾರಿ, ಜಮಖಂಡಿ

ನನ್ನದು ಇದಕ್ಕೇ ಸಂಬಂಧ ಪಟ್ಟದ್ದೋ ಗೊತ್ತಿಲ್ಲರೀ. ನನ್ನ ಕಾರಿನ ಮುಂದಿನ ಬಂಪರ್ ರಿಪೇರಿ ಆದ ಮೇಲೆ ಹೊರಗಿನ ಟೆಂಪರೇಚರ್ ಮೈನಸ್ 40 ತೋರಿಸ್ತಿದೆ. ಇಲ್ಲಿ ಬಿಸಿಲು ನೆತ್ತಿ ಸುಡ್ತಿದೆ. ಸೆಟ್ಟಿಂಗ್‌ನಲ್ಲಿ ಫ್ಯಾರನ್‌ಹೀಟ್ ಮಾಡಿದೆ, ಆಗಲೂ ಮೈನಸ್ 40. ಸಂಖ್ಯೆ ಬದಲಾಗಲಿಲ್ಲ ಅಂದ್ರೆ ಡಿಸ್‌ಪ್ಲೇ ಕೆಟ್ಟಿದೆ ಅಂತ ಗ್ಯಾರೇಜಿನವರು ಹೊಸದು ಹಾಕಿಸಿ ಅಂತಿದ್ದಾರೆ.

ಇನ್‌ಸ್ಟ್ರುಮೆಂಟ್ ವಿಭಾಗ

ದುಡ್ಡು ಕೊಡಬೇಡಿ, ನಿಲ್ಲಿ! ಸಂಬಂಧ ಇದೆ, ಚೆನ್ನಾಗಿಯೇ ಇದೆ.

ಸಂಖ್ಯೆ ಬದಲಾಗದೇ ಇದ್ದದ್ದು ತಪ್ಪಲ್ಲ. ಮೈನಸ್ 40 ಸೆಲ್ಸಿಯಸ್‌ನ್ನು ಫ್ಯಾರನ್‌ಹೀಟ್ ಮಾಡಿದರೆ ಮೈನಸ್ 40 ಅಂತಲೇ ಬರಬೇಕು. ಸಂಖ್ಯೆ ಬದಲಾಗಲಿಲ್ಲ ಅನ್ನೋದೊಂದರಿಂದ ಡಿಸ್‌ಪ್ಲೇ ಕೆಟ್ಟಿದೆ ಅಂತ ಹೇಳೋಕೆ ಆಗಲ್ಲ.

ಹೊರಗಿನ ಟೆಂಪರೇಚರ್ ಸೆನ್ಸರ್ ಸಾಮಾನ್ಯವಾಗಿ ಮುಂಬದಿಯಲ್ಲಿ, ಬಂಪರ್ ಅಥವಾ ಗ್ರಿಲ್ ಹಿಂದೆ ಇರುತ್ತದೆ. ತಣ್ಣಗಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. ವೈರ್ ಬಿಟ್ಟುಹೋದರೆ ರೆಸಿಸ್ಟೆನ್ಸ್ ಅಳತೆ ಮೀರಿ ಹೋಗುತ್ತದೆ. ಆಗ ಗಾಡಿಯ ಕಂಪ್ಯೂಟರ್ ಅದನ್ನು ವಿಪರೀತ ಚಳಿ ಅಂತ ತಿಳಿದು, ತನಗೆ ತೋರಿಸಲು ಬರುವ ಅತಿ ಕಡಿಮೆ ಸಂಖ್ಯೆ ತೋರಿಸುತ್ತದೆ. ಬಹಳ ಗಾಡಿಗಳಲ್ಲಿ ಆ ಸಂಖ್ಯೆ ಮೈನಸ್ 40. ಎಲ್ಲಾ ಗಾಡಿಯಲ್ಲೂ ಹೀಗೇ ಅನ್ನಲ್ಲ, ಕೆಲವು ಬರೀ ಎರಡು ಗೆರೆ ತೋರಿಸುತ್ತವೆ.

ಬಂಪರ್ ಬಿಚ್ಚಿದ ಮೇಲೆ ಶುರುವಾಗಿದೆ ಅಂದರೆ ಮೊದಲು ಆ ಸೆನ್ಸರಿನ ಪ್ಲಗ್ ವಾಪಸ್ ಕೂರಿಸಿದ್ದಾರಾ ನೋಡಿಸಿ. ಪ್ಲಗ್ ಸರಿ ಇದ್ದರೆ ಸೆನ್ಸರ್, ಆಮೇಲೆ ವೈರ್.

ಕಿರಾಣಿ ವ್ಯಾಪಾರಿ

ನಾಳೆ ನೋಡಿಸ್ತೀನಿ. ಇನ್ನೊಂದು. ಹಂಗಾದ್ರೆ ಟೆಂಪರೇಚರ್ 40 ಡಿಗ್ರಿ ಕಡಿಮೆ ಆಯ್ತು ಅಂದ್ರೂ ಎರಡರಲ್ಲೂ ಒಂದೇ ಅಲ್ವಾ?

ಇನ್‌ಸ್ಟ್ರುಮೆಂಟ್ ವಿಭಾಗ

ಅಲ್ಲ. ಮೈನಸ್ 40 ಅನ್ನೋದು ಒಂದು ಜಾಗ. 40 ಡಿಗ್ರಿ ಕಡಿಮೆಯಾಯಿತು ಅನ್ನೋದು ಎರಡು ಜಾಗಗಳ ನಡುವಿನ ದೂರ. ದೂರಕ್ಕೆ ಬರೀ 9/5, ಅಲ್ಲಿ 32 ಸೇರಿಸೋ ಹಾಗಿಲ್ಲ. 40 ಸೆಲ್ಸಿಯಸ್ ಡಿಗ್ರಿ ಇಳಿತ ಅಂದರೆ 72 ಫ್ಯಾರನ್‌ಹೀಟ್ ಡಿಗ್ರಿ ಇಳಿತ. ಸೊನ್ನೆ ಬಿಟ್ಟರೆ ದೂರಗಳು ಎಲ್ಲೂ ಒಂದೇ ಆಗಲ್ಲ. ಬಹಳ ಜನ ಎಡವುವುದು ಇಲ್ಲೇ. ಸರಾಸರಿ ತಾಪಮಾನ 2 ಸೆಲ್ಸಿಯಸ್ ಏರಿತು ಅನ್ನೋ ಸುದ್ದಿಯನ್ನು 35.6 ಫ್ಯಾರನ್‌ಹೀಟ್ ಏರಿತು ಅಂತ ಬರೆದುಬಿಡುತ್ತಾರೆ. ಅದು 3.6 ಆಗಬೇಕು.

ಕೋಲ್ಡ್ ಸ್ಟೋರೇಜ್ ಅಕ್ಕ, ವಿಜಯಪುರ

ಸರ್, ಇಷ್ಟು ಓದಿದ ಮೇಲೆ ಥರ್ಮಾಮೀಟರನ್ನು ಕೋಲ್ಡ್ ರೂಮ್‌ನಲ್ಲಿ, ಅಲ್ಲಿನ ಮೀಟರಿನ ಸೆನ್ಸರ್ ಪಕ್ಕದಲ್ಲೇ ನೇತು ಹಾಕಿದೆ. ಮುಳ್ಳು ನಿಲ್ಲುವ ತನಕ ಬಿಟ್ಟೆ. ಮೀಟರ್ 4 ತೋರಿಸ್ತಿದೆ. ನನ್ನ ಮುಳ್ಳು ಒಳಸುತ್ತಿನಲ್ಲಿ 6, ಹೊರಸುತ್ತಿನಲ್ಲಿ ಹತ್ತಿರ ಹತ್ತಿರ 43. ಈಗ ಏನು ಹೇಳ್ತೀರಿ?

ಇನ್‌ಸ್ಟ್ರುಮೆಂಟ್ ವಿಭಾಗ

6 ಸೆಲ್ಸಿಯಸ್ ಅಂದರೆ 42.8 ಫ್ಯಾರನ್‌ಹೀಟ್. ನೀವು ಓದಿದ 43 ಅದಕ್ಕೆ ಕೂಡುತ್ತದೆ. ಅಂದರೆ ಡಯಲ್ ಮೇಲಿನ ಎರಡು ಸುತ್ತುಗಳೂ ಒಂದಕ್ಕೊಂದು ಸರಿ ಇವೆ. ನಿಮ್ಮ ಮೀಟರ್ ಸರಿಯಿದ್ದರೆ ತಪ್ಪು ಮುಳ್ಳಿನಲ್ಲಿದೆ: 2 ಸೆಲ್ಸಿಯಸ್ ಡಿಗ್ರಿ ಜಾಸ್ತಿ, ಅಥವಾ 3.6 ಫ್ಯಾರನ್‌ಹೀಟ್ ಡಿಗ್ರಿ ಜಾಸ್ತಿ.

ಹಿಂದೆ ಸಣ್ಣ ಸ್ಕ್ರೂ ಅಥವಾ ನಟ್ ಇದೆಯಾ ನೋಡಿ. ಇದ್ದರೆ ಕೋಲ್ಡ್ ರೂಮ್‌ನಲ್ಲೇ ನಿಂತು ಮುಳ್ಳನ್ನು 4ಕ್ಕೆ ತನ್ನಿ. ಆಮೇಲೆ ಹೊರಗಿನ ಬಿಸಿಯಲ್ಲಿ ಇನ್ನೊಮ್ಮೆ ಹೋಲಿಸಿ. ಅಲ್ಲೂ ಸರಿ ಬಂದರೆ ಇಟ್ಟುಕೊಳ್ಳಿ. ಅಲ್ಲಿ ಬೇರೆಯೇ ತಪ್ಪು ಬಂದರೆ ಒಳಗಿನ ಸುರುಳಿಯೇ ಸರಿ ಇಲ್ಲ, ಸ್ಕ್ರೂ ತಿರುಗಿಸಿ ಪ್ರಯೋಜನ ಇಲ್ಲ.

ಕೋಲ್ಡ್ ಸ್ಟೋರೇಜ್ ಅಕ್ಕ, ವಿಜಯಪುರ

ಹಿಂದೆ ಸ್ಕ್ರೂ ಇಲ್ಲ ಸರ್, ಪೂರ್ತಿ ಒತ್ತಿ ಮುಚ್ಚಿದ್ದಾರೆ. ಬಿಲ್ ಇದೆ. ಪ್ರಿಂಟ್ ಸರಿ, ಮುಳ್ಳು ತಪ್ಪು ಅಂದರೆ ಅಂಗಡಿಯವರು ಬದಲಿಸಿ ಕೊಡ್ತಾರಾ? ಬೆಳಗಾವಿ ಕಡೆ ಯಾರಾದರೂ ಹೀಗೆ ಬದಲಿಸಿಕೊಂಡಿದ್ದರೆ ಹೇಳಿ.